ಇಪ್ಪತ್ತೆರಡು ನಿಮಿಷದ ಸಿನಿಮಾ, ಮೂರು ಥರದ ಕ್ಯಾಮೆರಾ: 'ದ ಹೌಸ್ ಈಸ್ ಬ್ಲ್ಯಾಕ್' ಬಿಚ್ಚಿ ನೋಡಿದಾಗ

ಹೋದ ಎಪಿಸೋಡ್ ಆದಮೇಲೆ ತುಂಬಾ ಜನ ಒಂದೇ ಪ್ರಶ್ನೆ ಕಳಿಸಿದ್ರಿ: ಡಾಕ್ಯುಮೆಂಟರಿಯಲ್ಲಿ ಎಕ್ಸ್‌ಪೊಸಿಟರಿ, ಅಬ್ಸರ್ವೇಷನಲ್, ಪಾರ್ಟಿಸಿಪೇಟರಿ ಅಂತೆಲ್ಲ ಹೇಳ್ತಾರಲ್ಲ, ಅದರ ನಡುವೆ ವ್ಯತ್ಯಾಸ ಏನು? ಡೆಫಿನಿಷನ್ ಬೇಕಂದ್ರೆ ಎರಡು ನಿಮಿಷದಲ್ಲಿ ಸಿಗುತ್ತೆ. ಓದಿದ ಮೇಲೂ ಒಂದು ಸಿನಿಮಾ ಮುಂದೆ ಕೂತಾಗ ಯಾವುದು ಯಾವುದು ಅಂತ ಗೊತ್ತಾಗಲ್ಲ, ಕಷ್ಟ ಇರೋದು ಅಲ್ಲಿ. ಅದಕ್ಕೆ ಇವತ್ತು ಒಂದೇ ಒಂದು ಕಿರುಚಿತ್ರ ತಗೊಂಡು ಕೂರೋಣ.

ಸಿನಿಮಾ ಹೆಸರು 'ದ ಹೌಸ್ ಈಸ್ ಬ್ಲ್ಯಾಕ್'. ಪರ್ಷಿಯನ್ ಭಾಷೆಯಲ್ಲಿ 'ಖಾನೆ ಸಿಯಾಹ್ ಅಸ್ತ್', ಅಂದರೆ ಮನೆ ಕಪ್ಪಾಗಿದೆ. ಇರಾನಿನ ತಬ್ರೀಜ್ ಊರಿನ ಹತ್ತಿರ ಬಾಬಾಬಾಗಿ ಅನ್ನೋ ಕುಷ್ಠರೋಗಿಗಳ ಕಾಲೊನಿ ಇತ್ತು. 1962ರಲ್ಲಿ ಅಲ್ಲಿ ಹನ್ನೆರಡು ದಿನ ಶೂಟ್ ಮಾಡಿದ ಕಪ್ಪು ಬಿಳುಪು ಚಿತ್ರ ಇದು. ಉದ್ದ ಸುಮಾರು 22 ನಿಮಿಷ. ನಿರ್ದೇಶಕಿ ಫರೂಗ್ ಫರೋಖ್‌ಜಾದ್. ಇರಾನಿನಲ್ಲಿ ಅವರನ್ನು ಮೊದಲು ಕವಿ ಅಂತಲೇ ನೆನಪಿಸಿಕೊಳ್ಳೋದು. ಇದನ್ನು ಮಾಡುವಾಗ ಅವರಿಗೆ 27 ವರ್ಷ. 1967ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು, ಹಾಗಾಗಿ ಅವರು ನಿರ್ದೇಶಿಸಿದ ಡಾಕ್ಯುಮೆಂಟರಿ ಅಂತ ನಮಗೆ ಉಳಿದಿರೋದು ಇದೊಂದೇ.

ಹಾಗಂತ ಕವಿಯೊಬ್ಬರು ಸುಮ್ಮನೆ ಕ್ಯಾಮೆರಾ ಹಿಡಿದು ಹೊರಟರು ಅಂದುಕೊಳ್ಳಬೇಡಿ. ಅವರು ಟೆಹ್ರಾನಿನ ಗೊಲೆಸ್ತಾನ್ ಸ್ಟುಡಿಯೋದಲ್ಲಿ ಎಡಿಟಿಂಗ್ ಟೇಬಲ್ ಮೇಲೆ ಕೆಲಸ ಕಲಿತವರು. ತೈಲಬಾವಿಗೆ ಬೆಂಕಿ ಬಿದ್ದ ಕಥೆಯ 'ಎ ಫೈರ್' ಅನ್ನೋ ಡಾಕ್ಯುಮೆಂಟರಿಯನ್ನು ಎಡಿಟ್ ಮಾಡಿದ್ದು ಅವರೇ. ಈ ಚಿತ್ರದ ಎಡಿಟಿಂಗೂ ಅವರದೇ. ಇದನ್ನು ನೆನಪಿಟ್ಟುಕೊಳ್ಳಿ, ಯಾಕಂದ್ರೆ ಇಡೀ ಚಿತ್ರ ನಿಂತಿರೋದು ಕತ್ತರಿಯ ಮೇಲೆ.

ಇನ್ನು ಹಣ. ಕುಷ್ಠರೋಗಿಗಳಿಗೆ ನೆರವು ಕೊಡುವ ಒಂದು ಸಂಘ ಈ ಚಿತ್ರ ಮಾಡಿಸಿತು. ಅವರಿಗೆ ಬೇಕಾಗಿದ್ದು ಜನರಿಗೆ ಈ ಕಾಯಿಲೆ ಬಗ್ಗೆ ತಿಳಿಸೋ ಚಿತ್ರ. ಡಾಕ್ಯುಮೆಂಟರಿಯ ಶೈಲಿ ಬಗ್ಗೆ ಮಾತಾಡುವಾಗ ನಾವು ಈ ದುಡ್ಡಿನ ವಿಷಯ ಬಿಟ್ಟುಬಿಡ್ತೀವಿ. ನಾನು ಬಿಕಾಂ ಓದಿದವನು, ಮೊದಲು ಕಣ್ಣು ಹೋಗೋದೇ ಯಾರು ದುಡ್ಡು ಹಾಕಿದ್ರು ಅನ್ನೋ ಕಡೆ! ಆದರೆ ಇಲ್ಲಿ ಅದರಿಂದ ನಿಜವಾಗಿ ಉಪಯೋಗ ಇದೆ, ಯಾಕೆ ಅಂತ ಈಗ ಗೊತ್ತಾಗುತ್ತೆ.

ಈ ಮೂರು ಹೆಸರುಗಳನ್ನು ಬಳಕೆಗೆ ತಂದವರು ಅಮೆರಿಕದ ಸಿನಿಮಾ ವಿದ್ವಾಂಸ ಬಿಲ್ ನಿಕೋಲ್ಸ್. 1991ರ ಪುಸ್ತಕದಲ್ಲಿ ನಾಲ್ಕು ಮೋಡ್ ಹೇಳಿದ್ರು, ಆಮೇಲೆ ಅದು ಆರಕ್ಕೆ ಬೆಳೀತು. ಉಳಿದ ಮೂರು ಇವತ್ತು ಬೇಡ. ಒಂದು ಮಾತು ಮಾತ್ರ: ಮೋಡ್ ಅಂದ್ರೆ ಸಿನಿಮಾಗೆ ಅಂಟಿಸೋ ಲೇಬಲ್ ಅಲ್ಲ. ಒಂದೇ ಚಿತ್ರದೊಳಗೆ ಎರಡು ನಿಮಿಷ ಒಂದು ಮೋಡ್, ಮುಂದಿನ ಐದು ನಿಮಿಷ ಇನ್ನೊಂದು ಇರಬಹುದು. ಫರೂಗ್ ಅವರ ಚಿತ್ರ ಹಾಗೇ ಇದೆ.

ಮೊದಲು ಎಕ್ಸ್‌ಪೊಸಿಟರಿ, ಅಂದರೆ ವಿವರಿಸಿ ಹೇಳೋ ಮೋಡ್. ಚಿತ್ರದ ಮೊದಲ ಅರ್ಧದಲ್ಲಿ ಒಂದು ಭಾಗ ಬರುತ್ತೆ. ಗಂಡಸಿನ ದನಿ, ಸ್ಪಷ್ಟವಾದ, ಭಾವನೆ ಇಲ್ಲದ ದನಿ. ಅದು ಚಿತ್ರದ ನಿರ್ಮಾಪಕ ಇಬ್ರಾಹಿಂ ಗೊಲೆಸ್ತಾನ್ ಅವರದ್ದು. ಕುಷ್ಠ ದೀರ್ಘಕಾಲದ ಕಾಯಿಲೆ, ಅಂಟುತ್ತೆ, ದೇಹಕ್ಕೆ ಹೀಗೆ ಹೀಗೆ ಮಾಡುತ್ತೆ, ಬಡತನ ಇರೋ ಕಡೆ ಇದು ಇರುತ್ತೆ, ಆದರೆ ಇದು ವಾಸಿಯಾಗದ ಕಾಯಿಲೆ ಅಲ್ಲ ಅಂತ ಆ ದನಿ ಹೇಳುತ್ತೆ. ವಾಸಿಯಾಗುತ್ತೆ ಅನ್ನೋದನ್ನು ಮತ್ತೆ ಒತ್ತಿ ಹೇಳುತ್ತೆ. ಅದೇ ಹೊತ್ತಿಗೆ ತೆರೆಮೇಲೆ ಚಿಕಿತ್ಸೆ ನಡೀತಾ ಇರುತ್ತೆ. ಪಾದದ ಸತ್ತ ಚರ್ಮ ಕೆರೆದು ತೆಗೀತಾರೆ, ಮಡಚಿಕೊಂಡ ಬೆರಳುಗಳಿಗೆ ವ್ಯಾಯಾಮ ಮಾಡಿಸ್ತಾರೆ. ಕೈ, ಕಾಲು, ಕಣ್ಣು ಎಲ್ಲ ಹತ್ತಿರದಿಂದ.

ಈ ಮೋಡನ್ನು ಗುರುತಿಸೋಕೆ ಸುಲಭದ ಪರೀಕ್ಷೆ ಒಂದಿದೆ. ಫೋನನ್ನು ಉಲ್ಟಾ ಮಾಡಿ ಟೇಬಲ್ ಮೇಲಿಟ್ಟು ಬರೀ ಆಡಿಯೋ ಕೇಳಿ. ಚಿತ್ರ ನೋಡದೇನೂ ವಾದ ಪೂರ್ತಿ ಅರ್ಥ ಆದ್ರೆ ಅದು ಎಕ್ಸ್‌ಪೊಸಿಟರಿ. ಇಲ್ಲಿ ಮಾತು ಯಜಮಾನ, ಚಿತ್ರ ಸಾಕ್ಷಿ ಹೇಳೋಕೆ ಬಂದಿರುತ್ತೆ ಅಷ್ಟೇ. ಎಡಿಟಿಂಗೂ ಹಾಗೇ ನಡೆಯುತ್ತೆ. ಒಂದು ಕೈಯಿಂದ ಇನ್ನೊಬ್ಬರ ಕಾಲಿಗೆ, ಅಲ್ಲಿಂದ ಮತ್ತೊಬ್ಬರ ಕಣ್ಣಿಗೆ ಕಟ್ ಆಗುತ್ತೆ. ಜಾಗ, ಸಮಯ, ವ್ಯಕ್ತಿ ಯಾವುದೂ ಜೋಡಣೆಯಾಗಬೇಕಿಲ್ಲ. ವಾದ ಜೋಡಣೆಯಾದ್ರೆ ಸಾಕು.

ನಮ್ಮ ಅಪ್ಪ ಅಮ್ಮನ ತಲೆಮಾರಿಗೆ ಈ ದನಿ ಚೆನ್ನಾಗಿ ಗೊತ್ತು. ಥಿಯೇಟರಿನಲ್ಲಿ ಸಿನಿಮಾ ಶುರುವಾಗೋ ಮುಂಚೆ ಫಿಲ್ಮ್ಸ್ ಡಿವಿಜನ್‌ನವರ ನ್ಯೂಸ್‌ರೀಲ್, ಸಾಕ್ಷ್ಯಚಿತ್ರ ಕಡ್ಡಾಯವಾಗಿ ಹಾಕ್ತಿದ್ರು. ಅಣೆಕಟ್ಟು, ಗೊಬ್ಬರ, ಲಸಿಕೆ, ಎಲ್ಲದಕ್ಕೂ ಅದೇ ಗತ್ತಿನ ಗಂಟಲು. ಜನ ಆ ಹೊತ್ತಿಗೆ ಸೋಡಾ, ಕಡ್ಲೆಕಾಯಿ ತಗೊಂಡು ಬರೋಕೆ ಎದ್ದು ಹೋಗ್ತಿದ್ರಂತೆ.

ಅದಕ್ಕೇ ಈಗ ಫಿಲ್ಮ್ ಕೋರ್ಸ್ ಮಾಡಿದ ಹುಡುಗರಿಗೆ ವಾಯ್ಸ್‌ಓವರ್ ಅಂದ್ರೆ ಸ್ವಲ್ಪ ತಾತ್ಸಾರ. ನಾನು ಇದನ್ನು ಒಪ್ಪಲ್ಲ. ಈ ಚಿತ್ರದ ವಿಷಯವನ್ನೇ ತಗೊಳ್ಳಿ. ಕುಷ್ಠ ವಾಸಿಯಾಗುತ್ತೆ ಅನ್ನೋದನ್ನು ಚಿತ್ರದಲ್ಲಿ ತೋರಿಸೋದು ಹೇಗೆ? ಆ ಕಾಯಿಲೆ ನರಗಳನ್ನು ಹಾಳು ಮಾಡುತ್ತೆ, ಸ್ಪರ್ಶ ಹೋಗುತ್ತೆ, ಗಾಯ ಆದ್ರೂ ಗೊತ್ತಾಗಲ್ಲ, ಹಾಗಾಗಿ ಬೆರಳು ಸವೆದುಹೋಗುತ್ತೆ. ಔಷಧಿ ಕೊಟ್ಟು ರೋಗಾಣು ಸತ್ತ ಮೇಲೂ ಕಳೆದುಹೋದ ಬೆರಳು ವಾಪಸ್ ಬರಲ್ಲ. ಅಂದರೆ ವಾಸಿಯಾದ ಮನುಷ್ಯನೂ ಕ್ಯಾಮೆರಾಗೆ ರೋಗಿ ಥರಾನೇ ಕಾಣ್ತಾನೆ. ಈ ಒಂದು ಸತ್ಯವನ್ನು ಕಣ್ಣಿನಿಂದ ನೋಡೋಕಾಗಲ್ಲ, ಯಾರಾದ್ರೂ ಬಾಯಿಬಿಟ್ಟು ಹೇಳಲೇಬೇಕು. ದುಡ್ಡು ಕೊಟ್ಟ ಸಂಘಕ್ಕೆ ಬೇಕಾಗಿದ್ದೂ ಇದೇ ಮಾತು. ಫರೂಗ್ ಅದನ್ನು ಹಗುರವಾಗಿ ತಗೊಳ್ಳದೆ ಪೂರ್ತಿ ಹೇಳಿಸಿದ್ದಾರೆ.

ಆದರೆ ಬೆಲೆಯೂ ಇದೆ. ಆ ಭಾಗ ನೋಡುವಾಗ ಗಮನಿಸಿ: ಬಹುಪಾಲು ಶಾಟ್‌ಗಳಲ್ಲಿ ಪೂರ್ತಿ ಮನುಷ್ಯ ಇಲ್ಲ. ಒಂದು ಅಂಗ ಇದೆ, ಅದರ ಮೇಲೆ ಡಾಕ್ಟರ ಕೈ ಇದೆ. ಮಾತಿಗೆ ಬೇಕಾದಷ್ಟೇ ದೇಹವನ್ನು ಕ್ಯಾಮೆರಾ ಕತ್ತರಿಸಿಕೊಂಡಿದೆ. ಎಕ್ಸ್‌ಪೊಸಿಟರಿ ಕೆಡೋದು ಹೀಗೆ. ಸುಳ್ಳು ಹೇಳಿಯೇ ಕೆಡಬೇಕಂತಿಲ್ಲ, ಮನುಷ್ಯರನ್ನು ಉದಾಹರಣೆ ಮಾಡಿದರೂ ಕೆಡುತ್ತೆ.

ಈಗ ಎರಡನೇದು, ಅಬ್ಸರ್ವೇಷನಲ್. ಸುಮ್ಮನೆ ನಿಂತು ಗಮನಿಸೋದು. ಇದಕ್ಕೆ ತಾಂತ್ರಿಕ ಹಿನ್ನೆಲೆ ಇದೆ. 1960ರ ಆಸುಪಾಸಿನಲ್ಲಿ ಹೆಗಲ ಮೇಲೆ ಇಟ್ಟುಕೊಂಡು ಓಡಾಡಬಹುದಾದ 16 ಎಂಎಂ ಕ್ಯಾಮೆರಾ, ಜೊತೆಗೆ ಅದಕ್ಕೆ ಸರಿಯಾಗಿ ಕೂರುವಂತೆ ಅಲ್ಲೇ ಧ್ವನಿ ಹಿಡಿಯೋ ಟೇಪ್ ರೆಕಾರ್ಡರ್ ಬಂತು. ಅಮೆರಿಕದಲ್ಲಿ ರಾಬರ್ಟ್ ಡ್ರೂ ಮತ್ತು ಅವರ ಜೊತೆಯವರು 'ಪ್ರೈಮರಿ' ಅನ್ನೋ ಚಿತ್ರದಲ್ಲಿ ಕೆನಡಿಯವರ ಚುನಾವಣಾ ಓಡಾಟವನ್ನು ಅವರ ಬೆನ್ನಿಗೇ ಹೋಗಿ ಹಿಡಿದರು. ಆಮೇಲೆ ಫ್ರೆಡರಿಕ್ ವೈಸ್‌ಮನ್ ಈ ದಾರಿಯನ್ನು ಇನ್ನೂ ಬಿಗಿ ಮಾಡಿದ್ರು. ಸಂದರ್ಶನ ಇಲ್ಲ, ವಾಯ್ಸ್‌ಓವರ್ ಇಲ್ಲ, ಹಿನ್ನೆಲೆ ಸಂಗೀತ ಇಲ್ಲ. ಆಗಿದ್ದನ್ನು ನೋಡು, ಕೇಳು.

ಬಾಬಾಬಾಗಿಯಲ್ಲಿ ಈ ಥರ ಕಾಣೋ ದೃಶ್ಯಗಳು ಬೇಕಾದಷ್ಟಿವೆ. ಹೆಂಗಸರು ತಲೆ ಬಾಚ್ತಾರೆ, ಕಣ್ಣಿಗೆ ಕಾಡಿಗೆ ಹಚ್ಚಿಕೊಳ್ತಾರೆ. ಜನ ಊಟಕ್ಕೆ ಪಾತ್ರೆ ಹಿಡಿದು ಬರ್ತಾರೆ. ಮಸೀದಿಯಲ್ಲಿ ನಮಾಜ್ ನಡೆಯುತ್ತೆ. ಮಕ್ಕಳು ಚೆಂಡು ಆಡ್ತಾರೆ. ಮದುವೆಯ ಸಂಭ್ರಮ ಇದೆ. ಯಾರೂ ಕ್ಯಾಮೆರಾಗೋಸ್ಕರ ಮಾಡ್ತಿರೋ ಹಾಗೆ ಅನ್ನಿಸಲ್ಲ. ವೈದ್ಯಕೀಯ ಭಾಗದಲ್ಲಿ ಬರೀ ಕೈ ಕಾಲಾಗಿ ಹೋಗಿದ್ದವರು ಇಲ್ಲಿ ಮತ್ತೆ ಪೂರ್ತಿ ಮನುಷ್ಯರಾಗಿ ಬರ್ತಾರೆ. ಬೆರಳಿಲ್ಲದ ಕೈಯಲ್ಲೇ ಮಾಡೋ ಅಲಂಕಾರ ನೋಡಿದ ಮೇಲೆ ರೋಗಿ ಅನ್ನೋ ಪದ ಬಾಯಿಗೆ ಬರೋಕೆ ಸ್ವಲ್ಪ ಸಂಕೋಚ ಆಗುತ್ತೆ. ಇದನ್ನು ಯಾವ ವಾಯ್ಸ್‌ಓವರೂ ಮಾಡೋಕಾಗ್ತಿರಲಿಲ್ಲ.

ಹಾಗಾದ್ರೆ ಈ ಭಾಗ ಅಬ್ಸರ್ವೇಷನಲ್ಲಾ? ಪುಸ್ತಕದ ಪ್ರಕಾರ ಅಲ್ಲ. ಅದಕ್ಕೊಂದು ದೃಶ್ಯ ಹೇಳ್ತೀನಿ. ಒಬ್ಬ ಮನುಷ್ಯ ಕಟ್ಟಡದ ಗೋಡೆ ಪಕ್ಕ ನಡೀತಿದ್ದಾನೆ. ಗೋಡೆಯನ್ನು ಕೈಯಲ್ಲಿ ಮುಟ್ಟುತ್ತಾ ಆ ತುದಿಗೆ ಹೋಗ್ತಾನೆ, ವಾಪಸ್ ಬರ್ತಾನೆ, ಮತ್ತೆ ಹೋಗ್ತಾನೆ. ಅಷ್ಟೇ. ಆದರೆ ಅದರ ಮೇಲೆ ಫರೂಗ್ ಅವರ ದನಿ ಬರುತ್ತೆ, ವಾರದ ದಿನಗಳ ಹೆಸರು ಹೇಳುತ್ತೆ. ಶನಿವಾರದಿಂದ ಶುರು, ಇರಾನಿನಲ್ಲಿ ವಾರ ಶುರುವಾಗೋದು ಶನಿವಾರ. ಒಂದೊಂದೇ ದಿನ ಹೇಳ್ತಾ ಹೋಗ್ತಾರೆ, ಅವನು ನಡೀತಾನೇ ಇರ್ತಾನೆ.

ಈ ಒಂದೇ ಶಾಟನ್ನು ಮೂರು ಜನ ಎಡಿಟರ್‌ಗೆ ಕೊಟ್ಟರೆ ಏನಾಗುತ್ತೆ ಯೋಚನೆ ಮಾಡಿ. ಇವತ್ತಿನ ಎಪಿಸೋಡಿನ ತಿರುಳು ಇದೇ.

ಎಕ್ಸ್‌ಪೊಸಿಟರಿ ಎಡಿಟರ್ ಇದನ್ನು ನಾಲ್ಕು ಸೆಕೆಂಡಿಗೆ ಕತ್ತರಿಸ್ತಾನೆ. ಮೇಲೆ ಒಂದು ವಾಕ್ಯ ಹಾಕ್ತಾನೆ: ಇಲ್ಲಿನವರಲ್ಲಿ ಮಾನಸಿಕ ಖಿನ್ನತೆಯೂ ಕಂಡುಬರುತ್ತದೆ. ಮುಗೀತು. ನಮಗೆ ಒಂದು ಮಾಹಿತಿ ಸಿಕ್ತು, ಆ ಮನುಷ್ಯ ಮಾಹಿತಿಯ ಪುರಾವೆ ಆದ. ಆ ವಾಕ್ಯ ನಿಜವೋ ಅಲ್ಲವೋ ಆ ಶಾಟ್‌ನಿಂದ ಗೊತ್ತಾಗಲ್ಲ, ಆದರೆ ಗೊತ್ತಾದ ಹಾಗೆ ನಮಗೆ ಅನ್ನಿಸುತ್ತೆ. ಅವನು ಖಿನ್ನನಾಗಿದ್ದನೋ, ಕಾಲಿಗೆ ವ್ಯಾಯಾಮ ಅಂತ ನಡೀತಿದ್ದನೋ ಯಾರಿಗೆ ಗೊತ್ತು?

ಅಬ್ಸರ್ವೇಷನಲ್ ಎಡಿಟರ್ ಶಾಟನ್ನು ಮುಟ್ಟಲ್ಲ. ಎರಡು ನಿಮಿಷ ಇದ್ರೆ ಎರಡು ನಿಮಿಷ. ಧ್ವನಿ ಅಲ್ಲಿದ್ದದ್ದೇ: ಹೆಜ್ಜೆ ಸದ್ದು, ದೂರದಲ್ಲಿ ಯಾರದೋ ಮಾತು. ಮೂವತ್ತನೇ ಸೆಕೆಂಡಿಗೆ ನಿಮಗೆ ಬೋರ್ ಆಗುತ್ತೆ. ಐವತ್ತನೇ ಸೆಕೆಂಡಿಗೆ, ಇವನು ಯಾಕೆ ನಿಲ್ತಿಲ್ಲ ಅಂತ ಅನ್ನಿಸೋಕೆ ಶುರುವಾಗುತ್ತೆ. ಒಂದೂವರೆ ನಿಮಿಷಕ್ಕೆ ಆ ಗೋಡೆ ನಿಮಗೂ ಗೋಡೆ ಆಗುತ್ತೆ. ಅರ್ಥ ನಿಮ್ಮದು, ಯಾರೂ ಹೇಳಿಕೊಡಲಿಲ್ಲ. ಆದರೆ ಅವನು ಇವತ್ತೊಂದು ದಿನ ನಡೀತಿದ್ದಾನಾ, ಹತ್ತು ವರ್ಷದಿಂದ ನಡೀತಿದ್ದಾನಾ ಅಂತ ಆ ಶಾಟ್ ಯಾವತ್ತೂ ಹೇಳಲಾರದು. ಕ್ಯಾಮೆರಾ ಇದ್ದಷ್ಟು ಹೊತ್ತು ಮಾತ್ರ ಅದಕ್ಕೆ ಗೊತ್ತು.

ಪಾರ್ಟಿಸಿಪೇಟರಿ ಎಡಿಟರ್‌ಗೆ ಈ ಶಾಟ್ ಸಾಲದು. ಅವನು ಕೇಳ್ತಾನೆ: ಇವರ ಹತ್ತಿರ ಮಾತಾಡಿದ್ದು ಎಲ್ಲಿ? ನಿರ್ದೇಶಕಿ ಹೋಗಿ, ಯಾಕಪ್ಪಾ ಹೀಗೆ ನಡೀತೀಯ ಅಂತ ಕೇಳಬೇಕು, ಅವನು ಏನಾದ್ರೂ ಹೇಳಬೇಕು, ಅಥವಾ ಹೋಗಮ್ಮಾ ನಿನಗ್ಯಾಕೆ ಅಂತ ಬೈಯಬೇಕು. ಆ ಬೈಗುಳವೂ ಚಿತ್ರದಲ್ಲಿ ಉಳೀಬೇಕು. ಆಗ ನಮಗೆ ಅವನ ಒಂದು ಕಾರಣ ಸಿಗುತ್ತೆ, ಅವನದೇ ಮಾತಿನಲ್ಲಿ. ಆದರೆ ನಡಿಗೆ ನಿಂತುಹೋಗುತ್ತೆ. ಪ್ರಶ್ನೆ ಕೇಳಿದ ಕ್ಷಣದಿಂದ ಅವನು ಗೋಡೆಯ ಜೊತೆ ಇಲ್ಲ, ನಮ್ಮ ಜೊತೆ ಇದ್ದಾನೆ.

ಫರೂಗ್ ಈ ಮೂರರಲ್ಲಿ ಯಾವುದನ್ನೂ ಪೂರ್ತಿ ತಗೊಳ್ಳಲಿಲ್ಲ. ಶಾಟನ್ನು ಅಬ್ಸರ್ವೇಷನಲ್ ಥರ ನಡೆಯೋಕೆ ಬಿಟ್ಟು, ಮೇಲೆ ದನಿ ಹಾಕಿದ್ರು. ಆದರೆ ಆ ದನಿ ಏನನ್ನೂ ವಿವರಿಸಲ್ಲ. ಕ್ಯಾಮೆರಾಗೆ ಗೊತ್ತಿರದ ಒಂದೇ ಒಂದು ಸಂಗತಿಯನ್ನು, ಕಾಲವನ್ನು, ಸೇರಿಸುತ್ತೆ. ಇದು ಇವತ್ತಿನದಲ್ಲ, ದಿನಾ ಇರೋದು ಅಂತ. ಮಾಹಿತಿಯ ಲೆಕ್ಕದಲ್ಲಿ ಇದೂ ಪುರಾವೆ ಇಲ್ಲದ ಹೇಳಿಕೆಯೇ. ಆದರೂ ಖಿನ್ನತೆ ಅನ್ನೋ ವಾಕ್ಯದಷ್ಟು ಇದು ಅವನ ಒಳಗೆ ಕೈ ಹಾಕಲ್ಲ. ಅವನ ತಲೆಯಲ್ಲಿ ಏನಿದೆ ಅಂತ ಹೇಳಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡ್ತೀನಿ. ಅಬ್ಸರ್ವೇಷನಲ್ ಅಂದ್ರೆ ಯಾರಿಗೂ ತೊಂದರೆ ಕೊಡದ, ಪ್ರಾಮಾಣಿಕ ಮೋಡ್ ಅಂತ ಒಂದು ನಂಬಿಕೆ ಇದೆ. ವೈಸ್‌ಮನ್ ಅವರ 1967ರ 'ಟಿಟಿಕಟ್ ಫಾಲೀಸ್' ನೋಡಿದ್ರೆ ಅದು ಅಷ್ಟು ಸಲೀಸಲ್ಲ ಅಂತ ಗೊತ್ತಾಗುತ್ತೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಮಾನಸಿಕ ಅಸ್ವಸ್ಥ ಕೈದಿಗಳನ್ನು ಇಡುತ್ತಿದ್ದ ಬ್ರಿಡ್ಜ್‌ವಾಟರ್ ಅನ್ನೋ ಸಂಸ್ಥೆಯೊಳಗೆ ತೆಗೆದ ಚಿತ್ರ. ಒಳಗಿದ್ದವರನ್ನು ಬೆತ್ತಲೆ ಇಡೋದು, ಹಂಗಿಸೋದು, ಮೂಗಿನಲ್ಲಿ ಕೊಳವೆ ಹಾಕಿ ಬಲವಂತವಾಗಿ ಉಣ್ಣಿಸೋದು, ಎಲ್ಲ ಇದೆ, ಒಂದು ಮಾತಿನ ವಿವರಣೆ ಇಲ್ಲದೆ. ಕೈದಿಗಳ ಖಾಸಗಿತನಕ್ಕೆ ಧಕ್ಕೆ ಅಂತ ರಾಜ್ಯ ಸರ್ಕಾರ ಕೋರ್ಟಿಗೆ ಹೋಯ್ತು, ಸಾಮಾನ್ಯ ಜನ ನೋಡೋದಕ್ಕೆ ನಿರ್ಬಂಧ ಬಿತ್ತು, ಅದು ತೆರವಾಗಿದ್ದು 1991ರಲ್ಲಿ. ಸರ್ಕಾರಕ್ಕೆ ಕೈದಿಗಳ ಮಾನದ ಚಿಂತೆಯೋ ತನ್ನ ಮಾನದ ಚಿಂತೆಯೋ ಅನ್ನೋ ಅನುಮಾನ ನನಗಿದೆ. ಆದರೆ ಪ್ರಶ್ನೆ ಮಾತ್ರ ಸುಳ್ಳಲ್ಲ: ತನ್ನನ್ನು ಚಿತ್ರೀಕರಿಸ್ತಿದ್ದಾರೆ ಅಂದ್ರೆ ಏನು ಅಂತ ಪೂರ್ತಿ ಅರ್ಥವಾಗದ ಮನುಷ್ಯನ ಮುಂದೆ ಕ್ಯಾಮೆರಾ ಸುಮ್ಮನೆ ನಿಂತಿದ್ರೆ, ಆ ಸುಮ್ಮನಿರುವಿಕೆಗೆ ಅವನ ಒಪ್ಪಿಗೆ ಇದೆಯಾ?

ಮೂರನೇದಕ್ಕೆ ಬರೋಣ. ಪಾರ್ಟಿಸಿಪೇಟರಿ ಅಂದ್ರೆ ಚಿತ್ರ ಮಾಡುವವರು ಅಡಗಿಕೊಳ್ಳದೆ ಒಳಗೆ ಇಳಿಯೋದು. ಕೇಳೋದು, ಮಾತಾಡೋದು, ಕೆಲವೊಮ್ಮೆ ಜಗಳ ಮಾಡೋದು. 1961ರಲ್ಲಿ ಫ್ರಾನ್ಸಿನ ಜ್ಯಾನ್ ರೂಶ್ ಮತ್ತು ಎಡ್ಗರ್ ಮೊರಾನ್ 'ಕ್ರಾನಿಕಲ್ ಆಫ್ ಎ ಸಮ್ಮರ್' ಮಾಡಿದ್ರು. ಪ್ಯಾರಿಸ್ ರಸ್ತೆಯಲ್ಲಿ ಹೋಗೋರನ್ನು ನಿಲ್ಲಿಸಿ, ನೀವು ಸಂತೋಷವಾಗಿದ್ದೀರಾ ಅಂತ ಕೇಳೋದರಿಂದ ಅದು ಶುರು. ಕೊನೆಗೆ, ಯಾರನ್ನು ಚಿತ್ರೀಕರಿಸಿದ್ರೋ ಅವರನ್ನೇ ಕೂರಿಸಿ ಚಿತ್ರ ತೋರಿಸ್ತಾರೆ. ಅವರು ಇದು ಸುಳ್ಳು, ಇದು ನಾಟಕ, ಇದು ನಿಜ ಅಂತ ವಾದ ಮಾಡ್ತಾರೆ, ಅದೂ ಚಿತ್ರದಲ್ಲೇ ಇದೆ. ನಮ್ಮಲ್ಲಿ 1967ರಲ್ಲಿ ಫಿಲ್ಮ್ಸ್ ಡಿವಿಜನ್‌ನಲ್ಲೇ ಎಸ್. ಎನ್. ಎಸ್. ಶಾಸ್ತ್ರಿ ಅವರು 'ಐ ಆಮ್ 20' ಮಾಡಿದ್ರು. ಸ್ವಾತಂತ್ರ್ಯ ಬಂದ ವರ್ಷ ಹುಟ್ಟಿದ ಇಪ್ಪತ್ತರ ಹುಡುಗ ಹುಡುಗಿಯರನ್ನೇ ಮಾತಾಡಿಸೋ ಚಿತ್ರ. ಗತ್ತಿನ ಗಂಟಲಿನ ಸಂಸ್ಥೆಯೊಳಗಿಂದಲೇ ಇಂಥದ್ದೂ ಬಂತು.

'ದ ಹೌಸ್ ಈಸ್ ಬ್ಲ್ಯಾಕ್'ನಲ್ಲಿ ನಿರ್ದೇಶಕಿ ಮೈಕ್ ಹಿಡಿದು ಯಾರನ್ನೂ ಕೇಳಲ್ಲ. ಆದರೆ ಪ್ರಶ್ನೋತ್ತರ ಇದೆ. ಕೊನೆಯ ತರಗತಿ ದೃಶ್ಯ. ಕಾಲೊನಿಯ ಮಕ್ಕಳು ಕೂತಿದ್ದಾರೆ, ಮೇಷ್ಟ್ರು ಕೇಳ್ತಿದ್ದಾರೆ. ಅಪ್ಪ ಅಮ್ಮನನ್ನು ಕೊಟ್ಟಿದ್ದಕ್ಕೆ ದೇವರಿಗೆ ಯಾಕೆ ಕೃತಜ್ಞತೆ ಹೇಳಬೇಕು ಅಂತ ಒಬ್ಬ ಹುಡುಗನಿಗೆ ಪ್ರಶ್ನೆ. ಅವನು, ಗೊತ್ತಿಲ್ಲ, ನನಗೆ ಇಬ್ಬರೂ ಇಲ್ಲ ಅಂತಾನೆ. ಇನ್ನೊಬ್ಬನಿಗೆ ಸುಂದರವಾದ ಕೆಲವು ವಸ್ತು ಹೇಳು ಅಂತಾರೆ. ಚಂದ್ರ, ಸೂರ್ಯ, ಹೂವು, ಆಟ ಅಂತ ಹೇಳ್ತಾನೆ. ಮತ್ತೊಬ್ಬನಿಗೆ ಕುರೂಪವಾದದ್ದು ಹೇಳು ಅಂತಾರೆ. ಅವನು ಕೈ, ಕಾಲು, ತಲೆ ಅಂತಾನೆ. ಇಡೀ ಕ್ಲಾಸು ನಗುತ್ತೆ. ಆಮೇಲೆ ಒಬ್ಬನನ್ನು ಬೋರ್ಡಿಗೆ ಕರೆದು ಮನೆ ಅನ್ನೋ ಪದ ಇರೋ ವಾಕ್ಯ ಬರಿ ಅಂತಾರೆ. ಹುಡುಗ ಸೀಮೆಸುಣ್ಣ ಹಿಡಿದು ಯೋಚನೆ ಮಾಡ್ತಾ ನಿಲ್ತಾನೆ. ಮಧ್ಯೆ ಕಾಲೊನಿಯ ಗೇಟು ಮುಚ್ಚಿಕೊಳ್ಳೋ ಶಾಟ್ ಬರುತ್ತೆ. ವಾಪಸ್ ಬೋರ್ಡಿಗೆ ಬಂದಾಗ ಅವನು ಬರೀತಾನೆ, ಚಿತ್ರದ ಹೆಸರು ಅದೇ.

ಮೊದಲ ಸಲ ನೋಡಿದವರೆಲ್ಲ ಇದು ನಡೆದದ್ದನ್ನು ಹಿಡಿದದ್ದು ಅಂದುಕೊಳ್ತಾರೆ. ಎರಡನೇ ಸಲ ನೋಡುವಾಗ ಕಟ್ ಎಣಿಸಿ. ಉತ್ತರ ಕೊಡೋ ಹುಡುಗನ ಮುಖ ಸರಿಯಾದ ಹೊತ್ತಿಗೆ ಸರಿಯಾದ ದೂರದಲ್ಲಿದೆ. ಪ್ರಶ್ನೆ ಬರೋ ಮುಂಚೆ ಯಾರಿಗೆ ಪ್ರಶ್ನೆ ಬರುತ್ತೆ ಅಂತ ಕ್ಯಾಮೆರಾಗೆ ಗೊತ್ತಿದೆ. ಹುಡುಗ ಯೋಚಿಸೋದು ಮತ್ತು ಗೇಟು ಮುಚ್ಚೋದು ಒಂದೇ ಹೊತ್ತಿನಲ್ಲಿ ನಡೀತಿರೋ ಹಾಗೆ ಜೋಡಿಸಿದ್ದಾರೆ, ಅದು ಎಡಿಟಿಂಗ್ ಟೇಬಲ್ ಮೇಲೆ ಮಾತ್ರ ಸಾಧ್ಯ. ಅಂದರೆ ಇದು ಏರ್ಪಾಡು ಮಾಡಿದ ದೃಶ್ಯ. ಮಕ್ಕಳು ನಿಜ, ತರಗತಿ ನಿಜ, ಪ್ರಶ್ನೆ ನಿರ್ದೇಶಕಿಯ ಕೈಚಳಕ. ನನಗೆ ಆ ನಗು ಮಾತ್ರ ಯಾರೋ ಹೇಳಿಕೊಟ್ಟದ್ದು ಅನ್ನಿಸಲ್ಲ. ಕೈ ಕಾಲು ಅಂದ ಕೂಡಲೇ ಬರೋ ಆ ನಗುವಿನಲ್ಲಿ ಮಕ್ಕಳದ್ದೇ ಏನೋ ಇದೆ.

ಇಲ್ಲಿ ನನಗೆ ಒಂದು ತಕರಾರಿದೆ. ಪಾರ್ಟಿಸಿಪೇಟರಿ ಮೋಡಿನ ನಿಯತ್ತು ಇರೋದು ಪ್ರಶ್ನೆ ಯಾರದ್ದು ಅಂತ ತೋರಿಸೋದರಲ್ಲಿ. ರೂಶ್ ಮತ್ತು ಮೊರಾನ್ ತೆರೆಮೇಲೆ ಇದ್ದಾರೆ. ಅವರ ಪ್ರಶ್ನೆ ಕೆಟ್ಟದಾದ್ರೆ ನಾವು ಅವರನ್ನೇ ಬೈಯಬಹುದು. ಇಲ್ಲಿ ಕುಷ್ಠದ ಗುರುತು ಮೈಮೇಲೆ ಇರೋ ಮಕ್ಕಳಿಗೆ, ಕುರೂಪ ಯಾವುದು ಹೇಳು ಅನ್ನೋ ಪ್ರಶ್ನೆ ಬರುತ್ತೆ. ಎಷ್ಟು ಕ್ರೂರ ಪ್ರಶ್ನೆ ನೋಡಿ! ಅದನ್ನು ಕೇಳಿಸಿದ್ದು ಫರೂಗ್, ಆದರೆ ಬಾಯಿ ಮೇಷ್ಟ್ರದ್ದು. ಅವರು ಕ್ಯಾಮೆರಾ ಹಿಂದೆಯೇ ಉಳಿದರು. ಪ್ರಶ್ನೆಯ ಭಾರ ಆ ಮೇಷ್ಟ್ರ ಮೇಲೆ ಬಿತ್ತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ, ಇಡೀ 22 ನಿಮಿಷದಲ್ಲಿ ಅಲ್ಲಿನ ದೊಡ್ಡವರು ಯಾರೂ ತಮ್ಮ ಬದುಕಿನ ಬಗ್ಗೆ ತಮ್ಮ ಮಾತಿನಲ್ಲಿ ನಮಗೆ ಏನೂ ಹೇಳಲ್ಲ. ಎರಡು ದನಿ ಅವರ ಮೇಲೆ ಹಾಸಿಕೊಂಡಿವೆ: ಕಾಯಿಲೆ ಬಗ್ಗೆ ಗೊಲೆಸ್ತಾನ್, ನೋವಿನ ಬಗ್ಗೆ ಫರೂಗ್. ಫರೂಗ್ ಅವರ ದನಿಯಲ್ಲಿ ಬರೋ ಸಾಲುಗಳಲ್ಲಿ ಬೈಬಲ್‌ನ ಹಳೆ ಒಡಂಬಡಿಕೆಯ ಮಾತುಗಳಿವೆ, ಅವರದೇ ಕವಿತೆಯ ಛಾಯೆ ಇದೆ. ಕೇಳೋಕೆ ಮೈ ಜುಮ್ ಅನ್ನುತ್ತೆ. ಆದರೆ ಅದು ನಾನು ಅಂತ ಹೇಳುವಾಗ ಆ ನಾನು ಯಾರು? ರೋಗಿಯಾ, ಕವಿಯಾ? ಇದನ್ನು ಚಿತ್ರ ಬೇಕಂತಲೇ ತೆರೆದಿಟ್ಟಿದೆ ಅಂತ ಹೊಗಳುವವರಿದ್ದಾರೆ. ಹೊಗಳಿಕೆ ಸರಿ, ಆದರೆ ಮಾತಾಡೋಕೆ ಬಾಯಿ ಇದ್ದವರ ಪರವಾಗಿ ಬೇರೆಯವರು ಮಾತಾಡಿದ್ದಾರೆ ಅನ್ನೋದು ಅದರಿಂದ ಮಾಯ ಆಗಲ್ಲ.

ಇದಕ್ಕೆ ಒಂದು ಸಮಾಧಾನದ ಉತ್ತರ ಇದೆ, ತಾಂತ್ರಿಕವಾದದ್ದು. ಚಿತ್ರದ ಧ್ವನಿಯಲ್ಲಿ ಬಹುಪಾಲು ಆಮೇಲೆ ಕೂರಿಸಿದ್ದು ಅಂತ ಕೇಳಿದ್ರೆ ಗೊತ್ತಾಗುತ್ತೆ. ಪ್ಯಾರಿಸ್‌ನಲ್ಲಿ ರೂಶ್‌ಗೆ ಇದ್ದಂಥ ಅನುಕೂಲದಲ್ಲಿ ಮಾಡಿದ ಚಿತ್ರ ಅಲ್ಲ ಇದು. ತುಟಿಗೆ ಸರಿಯಾಗಿ ಮಾತು ಹಿಡಿಯೋಕೆ ಆಗದಿದ್ದಾಗ ಎಲ್ಲರೂ ವಾಯ್ಸ್‌ಓವರ್ ಕಡೆ ತಿರುಗ್ತಾರೆ. ಮೋಡ್ ಅನ್ನೋದು ಬರೀ ಸಿದ್ಧಾಂತದ ಆಯ್ಕೆ ಅಲ್ಲ, ಕೈಯಲ್ಲಿ ಯಾವ ಮೆಷಿನ್ ಇದೆ ಅನ್ನೋದೂ ಹೌದು. ಆದರೆ ನಾನು ಈ ಉತ್ತರಕ್ಕೆ ಪೂರ್ತಿ ಮಾರ್ಕ್ಸ್ ಕೊಡಲ್ಲ. ಅವರ ಮಾತು ಕೇಳಿ, ಬರೆದುಕೊಂಡು, ಆಮೇಲೆ ಯಾರಿಂದಾದ್ರೂ ಓದಿಸಬಹುದಿತ್ತು.

ಇದೆಲ್ಲ ನಮಗ್ಯಾಕೆ ಬೇಕು ಅಂದ್ರೆ, ಫರೂಗ್‌ಗೆ ಇಲ್ಲದ ಮೆಷಿನ್ ಇವತ್ತು ನಿಮ್ಮ ಜೇಬಿನಲ್ಲಿದೆ. ನಿಮ್ಮಲ್ಲಿ ಕೆಲವರು ಊರಿನ ಮಗ್ಗ, ಅಜ್ಜಿಯ ಅಡುಗೆ, ಹಾಸ್ಟೆಲ್ ಮೆಸ್ ಅಂತ ಐದು ನಿಮಿಷದ ಚಿತ್ರ ಮಾಡಿ ಲಿಂಕ್ ಕಳಿಸ್ತೀರಿ. ಬಹಳಷ್ಟರಲ್ಲಿ ಒಂದೇ ಸಮಸ್ಯೆ ಬರುತ್ತೆ. ಮಗ್ಗದವರನ್ನು ಪ್ರಶ್ನೆ ಕೇಳಿರ್ತೀರಿ, ಎಡಿಟ್‌ನಲ್ಲಿ ನಿಮ್ಮ ಪ್ರಶ್ನೆ ಕತ್ತರಿಸಿ ಅವರ ಉತ್ತರ ಮಾತ್ರ ಇಟ್ಟಿರ್ತೀರಿ. ಈಗ ಅವರು ತಾವಾಗೇ ತಮ್ಮ ಕಷ್ಟ ಹೇಳಿಕೊಂಡ ಹಾಗೆ ಕಾಣುತ್ತೆ. ನೀವು ಕೇಳಿದ್ದು, ನಷ್ಟ ಆಗ್ತಿದೆ ಅಲ್ವಾ ಅಂತ. ಅವರು ಹೇಳಿದ್ದು, ಹೌದು ನಷ್ಟ ಆಗ್ತಿದೆ ಅಂತ. ಪ್ರಶ್ನೆ ಹೋದ ಮೇಲೆ ನಿಮ್ಮ ಅಭಿಪ್ರಾಯ ಅವರ ಬಾಯಲ್ಲಿ ಉಳೀತು. ಇದು ಪಾರ್ಟಿಸಿಪೇಟರಿ ಥರ ತೆಗೆದು ಅಬ್ಸರ್ವೇಷನಲ್ ಥರ ತೋರಿಸೋದು. ಪ್ರಶ್ನೆ ನಿಮ್ಮದಾಗಿದ್ರೆ ನಿಮ್ಮ ದನಿ ಒಂದು ಸಲನಾದ್ರೂ ಇರಲಿ, ಚೆನ್ನಾಗಿಲ್ಲದಿದ್ರೂ ಪರವಾಗಿಲ್ಲ.

ಸಿನಿಮಾ ಆನ್‌ಲೈನ್‌ನಲ್ಲಿ ಹುಡುಕಿದ್ರೆ ಸಿಗುತ್ತೆ. ಎರಡು ಸಲ ನೋಡಿ, ಒಮ್ಮೆ ಹಾಗೇ, ಇನ್ನೊಮ್ಮೆ ಸೌಂಡ್ ಮ್ಯೂಟ್ ಮಾಡಿ. ಮ್ಯೂಟ್ ಮಾಡಿದಾಗ ವೈದ್ಯಕೀಯ ಭಾಗ ಕುಸಿದು ಬೀಳುತ್ತೆ, ಯಾಕೆ ಯಾರ ಕಾಲು ಕೆರೀತಿದ್ದಾರೆ ಅಂತಲೇ ಗೊತ್ತಾಗಲ್ಲ. ಗೋಡೆಯ ಮನುಷ್ಯ ಹಾಗೇ ನಿಲ್ತಾನೆ, ಆದರೆ ಬೇರೆ ಮನುಷ್ಯ ಆಗ್ತಾನೆ. ಕೊನೆಯ ಭಾಗದಲ್ಲಿ ಒಂದು ಶಾಟ್ ಇದೆ, ಅದನ್ನು ಬಿಡಬೇಡಿ. ಮರಗಳ ಸಾಲಿನ ನಡುವಿನ ದಾರಿಯಲ್ಲಿ ಊರುಗೋಲು ಹಿಡಿದ ಒಬ್ಬರು ದೂರದಿಂದ ನೇರ ಕ್ಯಾಮೆರಾ ಕಡೆಗೇ ನಡೆದು ಬರ್ತಾರೆ. ನಿಲ್ಲಲ್ಲ, ಪಕ್ಕಕ್ಕೆ ಸರಿಯಲ್ಲ. ಬರ್ತಾ ಬರ್ತಾ ಅವರ ಮೈ ಲೆನ್ಸನ್ನೇ ಮುಚ್ಚಿ ತೆರೆ ಪೂರ್ತಿ ಕಪ್ಪಾಗುತ್ತೆ. ಅದನ್ನು ಯಾವ ಮೋಡಿಗೆ ಹಾಕ್ತೀರಿ ಅಂತ ನನಗೆ ಬರೆದು ಕಳಿಸಿ, ಮುಂದಿನ ವಾರ ಓದ್ತೀನಿ.